ಶಾಸಕರಿಗೆ ಕೊಡುವ ಮನವಿ ಪತ್ರದಲ್ಲಿ 23 ಬೇಡಿಕೆಗಳಾಗಿವೆ. ಹೆಚ್ಚಾಯಿತೇ?

ಬಡಾವಣೆ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದಲ್ಲಿ 140 ನಿವೇಶನಗಳ ಸಣ್ಣ ಬಡಾವಣೆ ನಮ್ಮದು. ನಿವಾಸಿಗಳ ಸಂಘಕ್ಕೆ ಹೋದ ವರ್ಷ ನನ್ನನ್ನು ಕಾರ್ಯದರ್ಶಿ ಮಾಡಿದರು. ಮಾಡಿದರು ಎನ್ನುವುದಕ್ಕಿಂತ, ಸಭೆಗೆ ತಡವಾಗಿ ಹೋದೆ, ಹೋಗುವಷ್ಟರಲ್ಲಿ ಆಗಿಬಿಟ್ಟಿದ್ದೆ.

ಮುಂದಿನ ಭಾನುವಾರ ನಮ್ಮ ಶಾಸಕರು ಉದ್ಯಾನದ ಕಾರ್ಯಕ್ರಮಕ್ಕೆ ಬರುತ್ತಿದ್ದಾರೆ. ರಸ್ತೆ ಮತ್ತು ಚರಂಡಿ ಬಗ್ಗೆ ಮನವಿ ಪತ್ರ ಕೊಡಬೇಕೆಂದು ತೀರ್ಮಾನವಾಗಿದೆ. ಎಲ್ಲರಿಂದ ಬೇಡಿಕೆ ಕೇಳಿದ್ದೇ ತಪ್ಪಾಯಿತು. ಈಗ ಪಟ್ಟಿ 23ಕ್ಕೆ ಬಂದು ನಿಂತಿದೆ. ಗುಂಡಿ ಮುಚ್ಚಿ, ಚರಂಡಿ ಸರಿಪಡಿಸಿ, ಬೀದಿ ದೀಪ, ಬೀದಿ ನಾಯಿ, ಬಸ್ ನಿಲ್ದಾಣ, ಒಬ್ಬರದಂತೂ ಅಂಚೆ ಪೆಟ್ಟಿಗೆ.

ನಿಜವಾದ ಕಷ್ಟ ಇರುವುದು ಮೂರನೇ ಅಡ್ಡರಸ್ತೆಯಲ್ಲಿ. ಅರ್ಧ ಗಂಟೆ ಜೋರು ಮಳೆ ಬಂದರೆ ಮೊಣಕಾಲಿನವರೆಗೆ ನೀರು. ಆರು ಮನೆಗಳ ಒಳಗೆ ನುಗ್ಗುತ್ತದೆ, ಅದರಲ್ಲಿ ನಮ್ಮದೂ ಒಂದು. ಹೋದ ಸಲವೂ ಮನವಿ ಕೊಟ್ಟಿದ್ದೆವು. ಫೋಟೊ ಚೆನ್ನಾಗಿ ಬಂದಿತ್ತು, ಅಷ್ಟೇ. ಈ ಸಲ ಪತ್ರದಲ್ಲಿ ಏನು ಬರೆಯಬೇಕು, ಹೇಗೆ ಬರೆಯಬೇಕು? ಅನುಭವ ಇದ್ದವರು ಹೇಳಿ.

ಹಳೇ ಸೈಕಲ್

ನೀರು ನಿಂತ ಫೋಟೊ ಲಗತ್ತಿಸಿ. ಬಣ್ಣದ ಮುದ್ರಣವಾಗಿರಲಿ.

ಕೆಂಪುಮಣ್ಣು

23 ಬೇಡಿಕೆ ಎಂದರೆ ಅದು ಮನವಿಯಲ್ಲ ಕಾರ್ಯದರ್ಶಿಗಳೇ, ದಿನಸಿ ಚೀಟಿ. ನಮ್ಮ ಸಂಘವೂ ಹೀಗೆಯೇ 17 ಬೇಡಿಕೆ ಕೊಟ್ಟಿತ್ತು. ಅದರಲ್ಲಿ ಅತ್ಯಂತ ಸುಲಭವಾದದ್ದನ್ನು ಆರಿಸಿ ಎರಡು ಸಿಮೆಂಟ್ ಬೆಂಚು ಹಾಕಿಸಿದರು. ಬೇಡಿಕೆ ಈಡೇರಿಸಿದ್ದಾರೆ ಎಂದು ಬೆಂಚಿನ ಮೇಲೆ ಹೆಸರನ್ನೂ ಬರೆಸಿದರು. ಮಳೆ ಬಂದಾಗ ಆ ಬೆಂಚಿನ ಮೇಲೆ ಹತ್ತಿ ನಿಲ್ಲಬಹುದು, ಅದೊಂದು ಉಪಯೋಗ.

ಮನೆ ನಂಬರ್ 41

ನಿಮ್ಮದು ಬಿ ಖಾತೆಯೇ? ಬಿ ಖಾತೆಯಾದರೆ ಏನೂ ಆಗುವುದಿಲ್ಲ. ನಮ್ಮದು ಎ ಖಾತೆಗೆ ಬದಲಾಯಿಸಲು ನಾಲ್ಕು ಸಲ ಓಡಾಡಿದ್ದೇನೆ. ಯಾವ ದಾಖಲೆ ಬೇಕೆಂದು ಯಾರಿಗಾದರೂ ಗೊತ್ತಿದೆಯೇ?

ಕೆಂಪುಮಣ್ಣು

ಸ್ವಾಮಿ, ಇದು ಚರಂಡಿ ವಿಷಯ.

ಮನೆ ನಂಬರ್ 41

ಚರಂಡಿಯೂ ಇಲ್ಲ ನಮ್ಮಲ್ಲಿ. ಅದಕ್ಕೇ ಕೇಳಿದ್ದು.

ಮಟ್ಟಗೋಲು

ಮೂವತ್ತು ವರ್ಷ ರಸ್ತೆ, ಚರಂಡಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮನವಿ ಪತ್ರಗಳನ್ನು ಸ್ವೀಕರಿಸುವ ಬದಿಯಲ್ಲಿ ಕುಳಿತಿದ್ದವನು ಎನ್ನಿ. ‘ಚರಂಡಿ ಸರಿಪಡಿಸಿ’ ಎಂಬ ಪತ್ರ ಬಂದರೆ ನಾವು ಮಾಡುತ್ತಿದ್ದದ್ದು ಒಂದೇ. ನಾಲ್ಕು ಜನ ಕೂಲಿಯವರನ್ನು ಕಳಿಸಿ ಹೂಳು ತೆಗೆಸಿ, ‘ಸರಿಪಡಿಸಲಾಗಿದೆ’ ಎಂದು ಉತ್ತರ ಬರೆದು ಕಡತ ಮುಚ್ಚುವುದು. ಅದು ಸುಳ್ಳೂ ಅಲ್ಲ. ಕೇಳಿದ್ದನ್ನು ಮಾಡಿದ್ದೇವೆ.

ನೀರು ಏಕೆ ನಿಲ್ಲುತ್ತದೆ ಎಂದು ನಿಮಗೇ ಗೊತ್ತಿಲ್ಲದಿದ್ದರೆ ಶಾಸಕರಿಗೆ ಹೇಗೆ ಗೊತ್ತಾಗಬೇಕು? ಕೆಲವು ವಿಷಯ ನೋಡಿ ಬಂದು ಹೇಳಿ. ಮನೆ ಕಟ್ಟಿದಾಗ ರಸ್ತೆಯಿಂದ ಹೊಸ್ತಿಲು ಎಷ್ಟು ಎತ್ತರದಲ್ಲಿತ್ತು, ಈಗ ಎಷ್ಟಿದೆ? ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕುತ್ತದೆಯೇ? ಉಕ್ಕಿದರೆ ಬಿಸಿಲಿನಲ್ಲೂ ಉಕ್ಕುತ್ತದೆಯೋ, ಮಳೆಯಲ್ಲಿ ಮಾತ್ರವೋ? ಮೂರನೇ ಅಡ್ಡರಸ್ತೆಯ ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರಬೇಕು, ಆ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ಯಾವುದು?

ಗುತ್ತಿಗೆ ಗೊತ್ತು

ಇಷ್ಟೆಲ್ಲ ಸಂಶೋಧನೆ ಏಕೆ? ರಸ್ತೆ ತಗ್ಗಿನಲ್ಲಿದೆ, ಅದಕ್ಕೆ ನೀರು ನಿಲ್ಲುತ್ತದೆ. ದಪ್ಪಗೆ ಡಾಂಬರು ಹಾಕಿಸಿ ರಸ್ತೆ ಎತ್ತರಿಸಲು ಕೇಳಿ. ನಮ್ಮ ರಸ್ತೆಗೆ ಹಾಗೆಯೇ ಮಾಡಿದರು. ಈಗ ಒಂದು ಹನಿ ನಿಲ್ಲುವುದಿಲ್ಲ.

ಸಂಪಿಗೆ ಅಕ್ಕ

ನಿಮ್ಮ ರಸ್ತೆಯಲ್ಲಿ ನಿಲ್ಲದ ನೀರು ಈಗ ಯಾರ ಮನೆಯಲ್ಲಿ ನಿಲ್ಲುತ್ತದೆ ಎಂದು ಕೇಳಿ ನೋಡಿದ್ದೀರಾ?

ಗುತ್ತಿಗೆ ಗೊತ್ತು

ಅದು ಅವರವರ ಮನೆಯ ವಿಷಯ.

ಬಡಾವಣೆ ಕಾರ್ಯದರ್ಶಿ

ಮಟ್ಟಗೋಲು ಸರ್, ಇವತ್ತು ಬೆಳಿಗ್ಗೆ ನಾನು, ಎದುರು ಮನೆಯ ಯಜಮಾನರು ಮತ್ತು ಪಕ್ಕದಲ್ಲಿ ಮನೆ ಕಟ್ಟುತ್ತಿರುವ ಮೇಸ್ತ್ರಿ ಹೋಗಿ ನೋಡಿದೆವು.

ಮೊದಲು ಹೊಸ್ತಿಲು. ನಾವು ಮನೆ ಕಟ್ಟಿದ್ದು 2004ರಲ್ಲಿ. ಆಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಜಗಲಿಗೆ ಬರಬೇಕಿತ್ತು. ಕೆಳಗಿನ ಮೆಟ್ಟಿಲು ಈಗ ಇಲ್ಲವೇ ಇಲ್ಲ, ರಸ್ತೆಯೊಳಗೆ ಹೂತಿದೆ. ನಾನು ದಿನಾ ದಾಟುವ ಜಾಗ, ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಯಾವುದೋ ಕೇಬಲ್ಲಿಗಾಗಿ ರಸ್ತೆ ಅಗೆದ ಕಡೆ ಬಗ್ಗಿ ನೋಡಿದರೆ ಡಾಂಬರು ಚಿರೋಟಿಯ ಹಾಗೆ ಪದರು ಪದರಾಗಿ ಕಾಣುತ್ತದೆ. ಮೂರು ಪದರ, ಅಳತೆ ಟೇಪಿನಲ್ಲಿ ಒಟ್ಟು 13 ಸೆಂಟಿಮೀಟರ್.

ಮ್ಯಾನ್‌ಹೋಲ್ ಉಕ್ಕುವುದು ಮಳೆಯಲ್ಲಿ ಮಾತ್ರ. ಮಳೆ ನಿಂತು ಒಂದು ಗಂಟೆಗೆ ತಾನಾಗಿಯೇ ಇಳಿದುಹೋಗುತ್ತದೆ.

ನೀರು ಹೋಗಬೇಕಾದದ್ದು ಮುಖ್ಯರಸ್ತೆಯ ಅಡಿಯಿಂದ ದಾಟಿ, ಅಲ್ಲಿಂದ ಸುಮಾರು 60 ಮೀಟರ್ ದೂರದ ರಾಜಕಾಲುವೆಗೆ. ರಸ್ತೆ ದಾಟುವಲ್ಲಿ ಒಂದು ಅಡಿ ವ್ಯಾಸದ ಒಂದೇ ಒಂದು ಸಿಮೆಂಟ್ ಪೈಪು. ಅದರಲ್ಲೂ ಅರ್ಧದವರೆಗೆ ಹೂಳು, ಬಾಯಿಗೆ ಒಂದು ತೆಂಗಿನ ಗರಿ ಮತ್ತು ಯಾರದೋ ತಲೆದಿಂಬು.

ಕೊನೆಯಲ್ಲಿ ಮೇಸ್ತ್ರಿ ತಮ್ಮ ನೀರಿನ ಕೊಳವೆ ತಂದರು. ಪಾರದರ್ಶಕ ಕೊಳವೆಯೊಳಗೆ ನೀರು ತುಂಬಿ, ಒಂದು ತುದಿಯನ್ನು ನಮ್ಮ ಮನೆಯ ಮುಂದೆ ನಾನು ಹಿಡಿದೆ, ಇನ್ನೊಂದನ್ನು ಅವರು ಹಿಡಿದುಕೊಂಡು ಮುಂದೆ ಹೋದರು. ಹೀಗೆ ಹಂತ ಹಂತವಾಗಿ ಪೈಪಿನ ತನಕ ಹೋದೆವು. ಪೈಪಿನ ತಳ ನಮ್ಮ ಮನೆ ಮುಂದಿನ ಚರಂಡಿಯ ತಳಕ್ಕಿಂತ 8 ಸೆಂಟಿಮೀಟರ್ ಮೇಲಿದೆ! ಮೇಸ್ತ್ರಿ ಎರಡು ಸಲ ಅಳೆದರು, ಆಮೇಲೆ ನಕ್ಕುಬಿಟ್ಟರು.

ಮಟ್ಟಗೋಲು

ನಗದೆ ಏನು ಮಾಡುತ್ತಾರೆ. ಈಗ ನಿಮ್ಮ ಮನವಿ ಪತ್ರ ಮುಕ್ಕಾಲು ಪಾಲು ಸಿದ್ಧವಾಯಿತು.

ಒಂದೊಂದಾಗಿ ನೋಡೋಣ. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಡಾಂಬರು ಹಾಕಿದ್ದಾರೆ. ಪ್ರತಿ ಸಲ ನಾಲ್ಕು ಸೆಂಟಿಮೀಟರ್ ಎಂದುಕೊಂಡರೂ ಮೂರು ಸಲಕ್ಕೆ ನಿಮ್ಮ 13ರ ಹತ್ತಿರ ಬರುತ್ತದೆ. ರಸ್ತೆ ಮೇಲೇರಿತು, ಮನೆ ಅಲ್ಲೇ ಉಳಿಯಿತು. ಆದ್ದರಿಂದ ‘ರಸ್ತೆಗೆ ಹೊಸ ಡಾಂಬರು ಹಾಕಿ’ ಎಂಬ ಬೇಡಿಕೆ ನಿಮ್ಮ ಪಟ್ಟಿಯಲ್ಲಿ ಇದ್ದರೆ ಮೊದಲು ಹೊಡೆದುಹಾಕಿ. ಅದನ್ನು ಶಾಸಕರು ಸಂತೋಷದಿಂದ ಒಪ್ಪುತ್ತಾರೆ, ಮುಂದಿನ ಮಳೆಗೆ ಇನ್ನೆರಡು ಮನೆ ಮುಳುಗುತ್ತವೆ. ಡಾಂಬರು ಬೇಕೇ ಬೇಕೆಂದರೆ ‘ಹಳೆಯ ಪದರಗಳನ್ನು ಕೆರೆದು ತೆಗೆದು, ಈಗಿನ ಮಟ್ಟಕ್ಕಿಂತ ಮೇಲೇರದಂತೆ’ ಎಂದು ಸೇರಿಸಿ ಬರೆಯಿರಿ.

ಎರಡನೆಯದು ಪೈಪು. ತಳವೇ 8 ಸೆಂಟಿಮೀಟರ್ ಮೇಲಿದ್ದರೆ ಬೇಸಿಗೆಯಲ್ಲೂ ನಿಮ್ಮ ಚರಂಡಿಯಲ್ಲಿ ನೀರು ನಿಂತೇ ಇರುತ್ತದೆ, ಹೂಳು ಅಲ್ಲೇ ಕೂರುತ್ತದೆ. ವರ್ಷಕ್ಕೆ ಹತ್ತು ಸಲ ಹೂಳು ತೆಗೆಸಿದರೂ ಅಷ್ಟೇ. ನಿಮ್ಮಲ್ಲಿ ಸೊಳ್ಳೆ ಕಾಟ ಜೋರಾಗಿರಬೇಕಲ್ಲವೇ?

ಬಡಾವಣೆ ಕಾರ್ಯದರ್ಶಿ

ಸೊಳ್ಳೆ ಬೇಡಿಕೆ ಸಂಖ್ಯೆ 9 ಸರ್.

ಗುತ್ತಿಗೆ ಗೊತ್ತು

ಸರಿ, ಪೈಪು ಸಣ್ಣದು ಎಂದು ಒಪ್ಪಿದೆ. ಅದರ ಪಕ್ಕದಲ್ಲಿ ಇನ್ನೊಂದು ಒಂದು ಅಡಿಯ ಪೈಪು ಹಾಕಿಸಿಕೊಳ್ಳಿ. ಎರಡು ಒಂದು ಅಡಿಯ ಪೈಪು ಎಂದರೆ ಎರಡು ಅಡಿಯ ಒಂದು ಪೈಪಿಗೆ ಸಮ. ಖರ್ಚು ಕಡಿಮೆ, ಎರಡು ದಿನದ ಕೆಲಸ.

ಮಟ್ಟಗೋಲು

ಸಮವಲ್ಲ. ಇಲ್ಲಿಯೇ ಎಲ್ಲರೂ ಎಡವುವುದು. ವ್ಯಾಸ ಎರಡು ಪಟ್ಟಾದರೆ ಪೈಪಿನ ಬಾಯಿ ನಾಲ್ಕು ಪಟ್ಟಾಗುತ್ತದೆ, ಗೋಡೆಗೆ ಉಜ್ಜುವ ನೀರಿನ ಪಾಲು ಕಡಿಮೆಯಾಗುವುದರಿಂದ ವೇಗವೂ ಹೆಚ್ಚುತ್ತದೆ. ಅದೇ ಇಳಿಜಾರಿನಲ್ಲಿ ಎರಡು ಅಡಿಯ ಪೈಪು ಒಂದು ಅಡಿಯದಕ್ಕಿಂತ ಸುಮಾರು ಆರು ಪಟ್ಟು ನೀರು ಸಾಗಿಸುತ್ತದೆ. ನಿಮ್ಮ ಎರಡು ಸಣ್ಣ ಪೈಪು ಸೇರಿ ಅದರ ಮೂರನೇ ಒಂದು ಭಾಗ.

ಕಾರ್ಯದರ್ಶಿಗಳ ಬಡಾವಣೆಗೇ ಲೆಕ್ಕ ಹಾಕೋಣ. 140 ನಿವೇಶನ, ರಸ್ತೆ ಎಲ್ಲ ಸೇರಿ ಏಳೂವರೆ ಎಕರೆ, ಅಂದರೆ ಮೂರು ಹೆಕ್ಟೇರ್ ಎಂದುಕೊಳ್ಳುತ್ತೇನೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಗಂಟೆಗೆ 50 ಮಿಲಿಮೀಟರ್ ಸುರಿದರೆ ಮೂರು ಹೆಕ್ಟೇರಿಗೆ 15 ಲಕ್ಷ ಲೀಟರ್. ಎಲ್ಲ ಕಡೆ ಕಾಂಕ್ರೀಟು ಇರುವುದರಿಂದ ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಅಂದರೆ 12 ಲಕ್ಷ ಲೀಟರ್, ಚರಂಡಿಗೆ ಬರುತ್ತದೆ.

200 ಮೀಟರಿಗೆ ಒಂದು ಮೀಟರ್ ಇಳಿಜಾರು ಇದ್ದರೆ ಒಂದು ಅಡಿಯ ಪೈಪು ತುಂಬಿ ಹರಿದರೂ ಗಂಟೆಗೆ ಸುಮಾರು ಎರಡೂವರೆ ಲಕ್ಷ ಲೀಟರ್ ಸಾಗಿಸುತ್ತದೆ. ಅರ್ಧ ಹೂಳಿದ್ದರೆ ಅದರ ಅರ್ಧ. ಉಳಿದ ಹತ್ತು ಲಕ್ಷಕ್ಕೂ ಹೆಚ್ಚು ಲೀಟರ್ ಎಲ್ಲಿಗೆ ಹೋಗಬೇಕು? ನಿಮ್ಮ ಜಗಲಿಗೆ. ಎರಡು ಅಡಿಯ ಪೈಪು ಸ್ವಚ್ಛವಾಗಿದ್ದರೆ 15 ಲಕ್ಷ ಲೀಟರ್ ಸಾಗಿಸಬಲ್ಲದು. ಆದರೆ ರಸ್ತೆಯಡಿಯ ಉದ್ದನೆಯ ಪೈಪಿನೊಳಗೆ ಕಟ್ಟಿಕೊಂಡರೆ ತೆಗೆಯುವುದು ಕಷ್ಟ. ನಾನಾಗಿದ್ದರೆ ಮೂರು ಅಡಿ ಅಗಲದ ಕಾಂಕ್ರೀಟ್ ಪೆಟ್ಟಿಗೆ ಮೋರಿ ಕೇಳುತ್ತಿದ್ದೆ, ಎರಡೂ ತುದಿಯಲ್ಲಿ ಎತ್ತಬಹುದಾದ ಮುಚ್ಚಳ, ಮೇಲ್ಗಡೆ ಹೂಳು ತಡೆಯುವ ಗುಂಡಿ ಮತ್ತು ಜಾಲರಿ. ತಲೆದಿಂಬು ಜಾಲರಿಯಲ್ಲೇ ಸಿಗಬೇಕು, ಒಳಗೆ ಹೋಗಬಾರದು.

ಗುತ್ತಿಗೆ ಗೊತ್ತು

ಆರು ಪಟ್ಟು ಎಂದು ಗೊತ್ತಿರಲಿಲ್ಲ. ಆದರೂ ಪೈಪಿನ ಕೆಲಸ ಬೇಗ ಮುಗಿಯುತ್ತದೆ ಎನ್ನುವುದು ಸುಳ್ಳಲ್ಲ.

ಸಂಪಿಗೆ ಅಕ್ಕ

ಮ್ಯಾನ್‌ಹೋಲ್ ಮಳೆಯಲ್ಲಿ ಮಾತ್ರ ಉಕ್ಕುವುದರ ಕಾರಣ ಹೇಳಲೇ ಇಲ್ಲ. ನಮ್ಮ ರಸ್ತೆಯಲ್ಲೂ ಹಾಗೆಯೇ. ಕಳೆದ ಮಳೆಗಾಲದಲ್ಲಿ ನಮ್ಮ ಅತ್ತೆ ಆ ಗಲೀಜು ನೀರಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಮಟ್ಟಗೋಲು

ಅಯ್ಯೋ, ಈಗ ಅತ್ತೆಯವರು ಹೇಗಿದ್ದಾರೆ ಅಕ್ಕ?

ಬಿಸಿಲಿನಲ್ಲಿ ಉಕ್ಕಿದರೆ ಒಳಗೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಮಳೆಯಲ್ಲಿ ಮಾತ್ರ ಉಕ್ಕಿ ತಾನಾಗಿಯೇ ಇಳಿದರೆ ಕೊಳವೆ ಬಹುಮಟ್ಟಿಗೆ ಸರಿಯಾಗಿದೆ, ಅದಕ್ಕೆ ಸೇರಬಾರದ ಮಳೆನೀರು ಸೇರುತ್ತಿದೆ. ಒಳಚರಂಡಿ ಇರುವುದು ಸ್ನಾನದ ಮನೆ, ಶೌಚಾಲಯದ ನೀರಿಗೆ. ಮಹಡಿಯ ಮಳೆನೀರಿನ ಕೊಳವೆಯನ್ನು ಜನ ಸದ್ದಿಲ್ಲದೆ ಮನೆಯ ಚೇಂಬರಿಗೆ ಸೇರಿಸಿಬಿಡುತ್ತಾರೆ. 30–40ರ ನಿವೇಶನದಲ್ಲಿ ಸಾವಿರ ಚದರ ಅಡಿ ತಾರಸಿ ಇದ್ದರೆ, 50 ಮಿಲಿಮೀಟರ್ ಮಳೆಗೆ ನಾಲ್ಕೂವರೆ ಸಾವಿರ ಲೀಟರಿಗೂ ಹೆಚ್ಚು. ಹತ್ತು ಮನೆಯವರು ಹೀಗೆ ಮಾಡಿದರೆ ಆ ರಸ್ತೆಯ ಅತ್ಯಂತ ತಗ್ಗಿನ ಮ್ಯಾನ್‌ಹೋಲ್ ಬಾಯಿ ತೆರೆಯುತ್ತದೆ.

ಸಂಪಿಗೆ ಅಕ್ಕ

ಅತ್ತೆ ಗುಣವಾದರು, ಈಗ ಆ ಕೈಯಲ್ಲೇ ರಾಗಿ ಮುದ್ದೆ ಕಟ್ಟುತ್ತಾರೆ. ನಿಮ್ಮ ಉತ್ತರ ಓದಿ ಹಿತ್ತಿಲಿಗೆ ಹೋಗಿ ನೋಡಿ ಬಂದೆ. ನಮ್ಮ ತಾರಸಿಯ ಕೊಳವೆಯೂ ಚೇಂಬರಿಗೇ ಇದೆ. ಅತ್ತೆಗೆ ಇನ್ನೂ ಹೇಳಿಲ್ಲ.

ಮೂರನೇ ತಿರುವು

ಇಷ್ಟೆಲ್ಲ ಓದಿದ ಮೇಲೆ ಒಂದು ಸಣ್ಣ ಪ್ರಶ್ನೆ. ಶಾಸಕರಿಗೇ ಏಕೆ ಕೊಡಬೇಕು? ಅವರು ವಿಧಾನಸಭೆಯಲ್ಲಿ ಕಾನೂನು ಮಾಡುವವರು. ಚರಂಡಿಗೆ ಪಾಲಿಕೆ ಸದಸ್ಯರಿರುವುದು.

ಕೆಂಪುಮಣ್ಣು

ಯಾವ ಸದಸ್ಯರು? ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಅಂದಿನಿಂದ ಚರಂಡಿಗೂ ಶಾಸಕರೇ, ಗೃಹಪ್ರವೇಶಕ್ಕೂ ಶಾಸಕರೇ.

ಕಚೇರಿ ಗುಮಾಸ್ತ

ವಿಳಾಸದ ವಿಷಯ ಬಂದದ್ದರಿಂದ ಹೇಳುತ್ತೇನೆ. ಇನ್ನೂ ಬಹಳ ಸಂಘಗಳು ಪ್ರತಿಯನ್ನು ‘ಮುಖ್ಯ ಆಯುಕ್ತರು, ಬಿಬಿಎಂಪಿ’ ಎಂದೇ ಬರೆಯುತ್ತಿವೆ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿವೆ. ನಿಮ್ಮ ಬಡಾವಣೆ ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ಆ ಆಯುಕ್ತರಿಗೆ ಪ್ರತಿ ಬರೆಯಿರಿ. ತಪ್ಪು ವಿಳಾಸದ ಪತ್ರ ಒಂದು ಮೇಜಿನಿಂದ ಇನ್ನೊಂದಕ್ಕೆ ಪ್ರವಾಸ ಹೋಗುತ್ತದೆ, ವಾಪಸು ಬರುವಾಗ ಮಳೆಗಾಲ ಮುಗಿದಿರುತ್ತದೆ.

ಇನ್ನೊಂದು ಮಾತು. ಒಂದೇ ಪತ್ರದಲ್ಲಿ ಒಳಚರಂಡಿ ಮತ್ತು ಮಳೆನೀರು ಚರಂಡಿ ಎರಡನ್ನೂ ಬೆರೆಸಬೇಡಿ. ಬೆಂಗಳೂರಿನಲ್ಲಿ ಒಳಚರಂಡಿ ಜಲಮಂಡಳಿಯದು, ರಸ್ತೆ ಬದಿಯ ಚರಂಡಿ ಪಾಲಿಕೆಯದು. ರಾಜಕಾಲುವೆ ನೋಡಿಕೊಳ್ಳುವುದು ಬೇರೆಯೇ ವಿಭಾಗ. ಬೆರೆಸಿದರೆ ಒಬ್ಬೊಬ್ಬರೂ ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಬರೆದು ಮುಂದೆ ತಳ್ಳುತ್ತಾರೆ. ಬರೆಯುವ ಟಿಪ್ಪಣಿ ಎಲ್ಲ ಕಡೆಯೂ ಸತ್ಯವೇ ಆಗಿರುತ್ತದೆ!

ಮೂರನೇ ತಿರುವು

ಹಾಗಾದರೆ ಹಣ? ಶಾಸಕರ ನಿಧಿಯಿಂದ ಅವರು ನೇರವಾಗಿ ಕೊಟ್ಟುಬಿಡಬಹುದಲ್ಲ.

ಕಚೇರಿ ಗುಮಾಸ್ತ

ನೇರವಾಗಿ ಕೊಡುವುದಿಲ್ಲ. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಅವರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ, ಮಾಡಿಸುವುದು ಯಾವುದಾದರೂ ಸರ್ಕಾರಿ ಸಂಸ್ಥೆ. ಇಡೀ ಕ್ಷೇತ್ರಕ್ಕೆ 2 ಕೋಟಿ ಎಂದರೆ ರಸ್ತೆ ಕೆಲಸದ ಮಟ್ಟಿಗೆ ಉಪ್ಪಿನಕಾಯಿ. ಆದ್ದರಿಂದ ‘ಬಡಾವಣೆಯ ಎಲ್ಲ ರಸ್ತೆ’ ಎಂದು ಕೇಳಿದರೆ ಆ ನಿಧಿಯಿಂದ ಆಗುವುದಿಲ್ಲ, ಒಂದು ಮೋರಿ ಕೇಳಿದರೆ ಆಗಬಹುದು. ದೊಡ್ಡದು ಬೇಕೆಂದರೆ ಪಾಲಿಕೆಯ ಕ್ರಿಯಾ ಯೋಜನೆಗೆ ಸೇರಿಸಲು ಶಾಸಕರು ಒತ್ತಾಯ ಮಾಡಬೇಕು, ಅದಕ್ಕೆ ಅಂದಾಜು ಪಟ್ಟಿ ಬೇಕು. ಅಂದಾಜು ಪಟ್ಟಿ ಇಲ್ಲದ ಬೇಡಿಕೆಗೆ ಯಾರೂ ಹಣ ಇಡುವುದಿಲ್ಲ.

ಹಾಗಾಗಿ ನೀವು ಶಾಸಕರನ್ನು ಕೇಳಬೇಕಾದದ್ದು ‘ಮೋರಿ ಕಟ್ಟಿಸಿಕೊಡಿ’ ಎಂದಲ್ಲ. ‘ಈ ಮೋರಿಗೆ ಸ್ಥಳ ಪರಿಶೀಲನೆ ಮಾಡಿ ಅಂದಾಜು ಪಟ್ಟಿ ತಯಾರಿಸುವಂತೆ ಸಹಾಯಕ ಕಾರ್ಯಪಾಲಕ ಅಭಿಯಂತರರಿಗೆ ಲಿಖಿತವಾಗಿ ಸೂಚಿಸಿ’ ಎಂದು. ಅದು ಅವರಿಂದ ಅದೇ ದಿನ ಆಗುವ ಕೆಲಸ.

ಹಳೇ ಸೈಕಲ್

ಹೋದ ಸಲ ನಮ್ಮ ಮನವಿಯ ಮೂಲೆಯಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂದು ಹಸಿರು ಶಾಯಿಯಲ್ಲಿ ಬರೆದುಕೊಟ್ಟರು. ಚೌಕಟ್ಟು ಹಾಕಿಸಿ ಸಂಘದ ಕೊಠಡಿಯಲ್ಲಿ ತೂಗುಹಾಕಿದ್ದೇವೆ.

ಕಚೇರಿ ಗುಮಾಸ್ತ

ಅಲ್ಲಿಯೇ ನೀವು ಕೆಟ್ಟದ್ದು! ಆ ಪತ್ರವನ್ನು ತೆಗೆದುಕೊಂಡು ಹೋಗಿ ಅಭಿಯಂತರರ ಕಚೇರಿಯ ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಬೇಕಿತ್ತು. ಸಂಖ್ಯೆ ಇದ್ದರೆ ಒಂದು ತಿಂಗಳ ನಂತರ ಮಾಹಿತಿ ಹಕ್ಕಿನಲ್ಲಿ ‘ಈ ಸಂಖ್ಯೆಯ ಪತ್ರದ ಮೇಲೆ ಕೈಗೊಂಡ ಕ್ರಮದ ದಾಖಲೆ ಕೊಡಿ’ ಎಂದು ಕೇಳಬಹುದು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು. ಅಲ್ಲಿ ಕಷ್ಟ ತೋಡಿಕೊಳ್ಳಲು ಹೋಗಬೇಡಿ.

ಮಟ್ಟಗೋಲು

ಗುಮಾಸ್ತರು ಸರಿಯಾಗಿ ಹೇಳಿದರು. ಅದೇ ದಾರಿಯಲ್ಲಿ ಇನ್ನೊಂದು. ಕೊನೆಯ ಸಲ ಡಾಂಬರು ಹಾಕಿದ ಕಾಮಗಾರಿಯ ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ನಕಲು ಕೇಳಿ. ದೋಷ ಹೊಣೆಗಾರಿಕೆ ಅವಧಿ ಎಷ್ಟು ಎಂದು ಕಾಗದದಲ್ಲೇ ಇರುತ್ತದೆ. ಆ ಅವಧಿ ಇನ್ನೂ ಮುಗಿದಿಲ್ಲವಾದರೆ ಗುಂಡಿ ಮುಚ್ಚಬೇಕಾದವರು ಗುತ್ತಿಗೆದಾರರು, ಅವರ ಖರ್ಚಿನಲ್ಲಿ. ಅದಕ್ಕೆ ಶಾಸಕರ ಬಳಿ ಹೊಸ ಹಣ ಕೇಳುವುದು ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಕೊಟ್ಟಂತೆ.

ಗುತ್ತಿಗೆ ಗೊತ್ತು

ಗುತ್ತಿಗೆದಾರರ ಪರವಾಗಿಯೂ ಒಂದು ಮಾತು ಇರಲಿ. ಡಾಂಬರು ಹಾಕಿದ ತಿಂಗಳಲ್ಲೇ ಕೇಬಲ್ಲಿನವರು, ನೀರಿನವರು ಬಂದು ಅಗೆದು ಹೋಗುತ್ತಾರೆ. ಅಗೆದ ಜಾಗದಲ್ಲಿ ಕುಸಿದರೆ ನಮ್ಮ ತಪ್ಪು ಎನ್ನುತ್ತೀರಿ. ನೀರು ನಿಲ್ಲುವ ರಸ್ತೆಯಲ್ಲಿ ಎಂಥ ಡಾಂಬರೂ ಬಾಳುವುದಿಲ್ಲ.

ಮಟ್ಟಗೋಲು

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಅದಕ್ಕೇ ಚರಂಡಿ ಮೊದಲು, ರಸ್ತೆ ಆಮೇಲೆ.

ಹೊಸಮನೆ

ನಾನೂ ಇದೇ ಬಡಾವಣೆಯವನು, ಮೂರನೇ ಅಡ್ಡರಸ್ತೆಯಲ್ಲೇ ಮನೆ. ಕಾರ್ಯದರ್ಶಿಗಳು ಒಂದು ವಿಷಯವನ್ನು ನಾಜೂಕಾಗಿ ಬಿಟ್ಟಿದ್ದಾರೆ. ಚರಂಡಿಯ ಮೇಲೆ ಎಷ್ಟು ಮನೆಯವರು ಕಾರು ಹತ್ತಿಸಲು ಕಾಂಕ್ರೀಟ್ ಇಳಿಜಾರು ಹಾಕಿಸಿಕೊಂಡಿದ್ದಾರೆ ಎಂದೂ ಎಣಿಸಬೇಕಿತ್ತು. ನಾನು ಎಣಿಸಿದೆ. ಆ ಬದಿಯ 18 ಮನೆಗಳಲ್ಲಿ 14. ಅದರಲ್ಲಿ ಸಂಘದ ಅಧ್ಯಕ್ಷರದೂ ಇದೆ. ಕೆಳಗೆ ಹೂಳು ತೆಗೆಯಲು ಕೈ ಹಾಕುವಷ್ಟೂ ಜಾಗವಿಲ್ಲ.

ಬಡಾವಣೆ ಕಾರ್ಯದರ್ಶಿ

ನಿಮ್ಮದೂ ಇದೆಯಲ್ಲವೇ?

ಹೊಸಮನೆ

ಇದೆ. ಅದಕ್ಕೇ 14.

ಕೆಂಪುಮಣ್ಣು

ನಮ್ಮಲ್ಲಿ ಇದೇ ಜಗಳ. ಮನವಿ ಕೊಟ್ಟೆವು, ಅಭಿಯಂತರರು ಬಂದರು, ‘ಮೊದಲು ಇಳಿಜಾರುಗಳನ್ನು ತೆಗೆಯಿರಿ, ನಾಳೆಯೇ ಯಂತ್ರ ಕಳಿಸುತ್ತೇನೆ’ ಎಂದರು. ಮನವಿಗೆ ಸಹಿ ಹಾಕಿದ್ದ 60 ಜನರಲ್ಲಿ ಮರುದಿನ ಸಭೆಗೆ ಬಂದವರು ಏಳು. ಕಾರ್ಯದರ್ಶಿಗಳೇ, ಶಾಸಕರು ಬರುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ. ಅವರ ಎದುರಿಗೆ ಯಾರಾದರೂ ಇದನ್ನೆತ್ತಿದರೆ ಇಡೀ ಪತ್ರ ಬಿದ್ದುಹೋಗುತ್ತದೆ.

ಮಟ್ಟಗೋಲು

ಇಳಿಜಾರೇ ಇಲ್ಲದಂತೆ ಮಾಡಬೇಕೆಂದಿಲ್ಲ. ಕಾಂಕ್ರೀಟು ತೆಗೆದು ಕಬ್ಬಿಣದ ಜಾಲರಿ ಅಥವಾ ಎತ್ತಬಹುದಾದ ಚಪ್ಪಡಿ ಹಾಕಿಸಿಕೊಂಡರೆ ಕಾರೂ ಹತ್ತುತ್ತದೆ, ಹೂಳೂ ತೆಗೆಯಬಹುದು. ‘ನಮ್ಮ ಸದಸ್ಯರು ಇಂಥ ದಿನಾಂಕದೊಳಗೆ ಸ್ವಂತ ಖರ್ಚಿನಲ್ಲಿ ಬದಲಾಯಿಸುತ್ತಾರೆ’ ಎಂಬ ಒಂದು ಸಾಲು ಮನವಿಯಲ್ಲಿ ಇದ್ದರೆ ಓದುವ ಅಭಿಯಂತರ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ. ನನ್ನ ಇಡೀ ನೌಕರಿಯಲ್ಲಿ ಅಂಥ ಪತ್ರ ಒಂದೂ ಬರಲಿಲ್ಲ.

ಮೂರನೇ ತಿರುವು

ಮೋರಿಯಿಂದ ಆಚೆಗಿನ 60 ಮೀಟರ್ ಬಗ್ಗೆ ಯಾರೂ ಮಾತನಾಡಲಿಲ್ಲ. ಅಲ್ಲಿ ಚರಂಡಿ ಇದೆಯೇ?

ಬಡಾವಣೆ ಕಾರ್ಯದರ್ಶಿ

ಇತ್ತು. ಈಗ ಅದು ಖಾಲಿ ನಿವೇಶನ, ಮಾಲೀಕರು ಎರಡು ವರ್ಷದ ಹಿಂದೆ ಮಣ್ಣು ತುಂಬಿಸಿ ತಂತಿಬೇಲಿ ಹಾಕಿದ್ದಾರೆ. ನೀರು ಬೇಲಿಯ ಬದಿಯಲ್ಲಿ ಹೇಗೋ ದಾರಿ ಮಾಡಿಕೊಂಡು ಹೋಗುತ್ತದೆ. ಅದು ತಮ್ಮ ಸ್ವಂತ ಜಾಗ ಎನ್ನುತ್ತಾರೆ.

ಮೂರನೇ ತಿರುವು

ಹಸಿರು ನ್ಯಾಯಮಂಡಳಿಯ ಆದೇಶದ ಪ್ರಕಾರ ಎರಡನೇ ದರ್ಜೆಯ ಕಾಲುವೆಯಿಂದ 35 ಮೀಟರ್ ಯಾರೂ ಮುಟ್ಟುವ ಹಾಗಿಲ್ಲ. ಅದನ್ನೇ ಮನವಿಯಲ್ಲಿ ಬರೆಯಿರಿ.

ಕಚೇರಿ ಗುಮಾಸ್ತ

ಬರೆಯಬೇಡಿ. ಅದು 2016ರ ಆದೇಶ, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮನವಿಯಲ್ಲಿ ಒಂದು ತಪ್ಪು ಕಾನೂನು ಬರೆದರೆ ಎದುರಿನವರ ವಕೀಲರು ಅದೊಂದನ್ನೇ ಹಿಡಿದುಕೊಳ್ಳುತ್ತಾರೆ. ಮೊದಲು ಗ್ರಾಮ ನಕಾಶೆ ತೆಗೆಸಿ ಅಲ್ಲಿ ಹಳ್ಳದ ಗೆರೆ ಇದೆಯೇ ನೋಡಿ. ಇದ್ದರೆ ಭೂಮಾಪಕರಿಂದ ಅಳತೆ ಮಾಡಿಸಿ ಗಡಿ ಗುರುತಿಸಲು ಕೇಳಿ. ಗೆರೆ ಇಲ್ಲದಿದ್ದರೆ ಅದು ಬೇರೆಯದೇ ಕಥೆ.

ಮಟ್ಟಗೋಲು

ಗೆರೆ ಇಲ್ಲದಿದ್ದರೆ ನೀರನ್ನು ಮುಖ್ಯರಸ್ತೆಯ ಬದಿಯಲ್ಲೇ ಸುತ್ತಿಸಿ ಒಯ್ಯಬೇಕಾಗುತ್ತದೆ. ದೂರ ಹೆಚ್ಚಾದಷ್ಟೂ ಇಳಿಜಾರು ಸಿಗುವುದು ಕಷ್ಟ. ಮಟ್ಟ ಅಳೆಯದೆ ನಾನು ಏನನ್ನೂ ಹೇಳಲಾರೆ. ಒಂದು ಮಾತು ಖಂಡಿತ. ಆಚೆಯ ದಾರಿ ತೆರೆಯದೆ ಈಚೆಗೆ ಎಷ್ಟು ದೊಡ್ಡ ಮೋರಿ ಕಟ್ಟಿದರೂ ಅದು ನೀರು ತುಂಬಿದ ಪೆಟ್ಟಿಗೆ.

ಹೊಸಮನೆ

ಆ ಮಾಲೀಕರು ಶಾಸಕರ ಆಪ್ತರು ಎಂದು ಊರೆಲ್ಲ ಮಾತು.

ಕೆಂಪುಮಣ್ಣು

ಊರಿನ ಮಾತನ್ನು ಮನವಿಗೆ ಸೇರಿಸಬೇಡಿ, ಅಷ್ಟೇ.

ಬಡಾವಣೆ ಕಾರ್ಯದರ್ಶಿ

ನಿನ್ನೆ ರಾತ್ರಿ ಸಭೆ ಮಾಡಿ 23ನ್ನು ಮೂರಕ್ಕೆ ಇಳಿಸಿದೆವು. ಅಂಚೆ ಪೆಟ್ಟಿಗೆಯವರು ಎದ್ದು ಹೋದರು. ಕರಡು ಹೀಗಿದೆ, ತಿದ್ದಿ:

‘ಮಾನ್ಯರೇ, ನಮ್ಮ ಬಡಾವಣೆಯ ಮೂರನೇ ಅಡ್ಡರಸ್ತೆಯಲ್ಲಿ ಮಳೆ ಬಂದಾಗಲೆಲ್ಲ ಆರು ಮನೆಗಳಿಗೆ ನೀರು ನುಗ್ಗುತ್ತಿದೆ. ಮುಖ್ಯರಸ್ತೆಯ ಅಡಿಯ ಪೈಪು ಒಂದು ಅಡಿ ವ್ಯಾಸದ್ದಾಗಿದ್ದು, ಅದರ ತಳ ಚರಂಡಿಯ ತಳಕ್ಕಿಂತ 8 ಸೆಂಟಿಮೀಟರ್ ಮೇಲಿದೆ. ಅಳತೆಯ ನಕ್ಷೆ ಮತ್ತು ಫೋಟೊ ಲಗತ್ತಿಸಿದೆ. ಒಂದು, ಈ ಪೈಪಿನ ಜಾಗದಲ್ಲಿ ಪೆಟ್ಟಿಗೆ ಮೋರಿ ನಿರ್ಮಿಸಲು ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸುವಂತೆ ಸಂಬಂಧಪಟ್ಟ ಅಭಿಯಂತರರಿಗೆ ಸೂಚಿಸಬೇಕು. ಎರಡು, ಮೋರಿಯಿಂದ ರಾಜಕಾಲುವೆಯವರೆಗಿನ 60 ಮೀಟರ್ ದಾರಿಯನ್ನು ಭೂಮಾಪಕರಿಂದ ಅಳತೆ ಮಾಡಿಸಬೇಕು. ಮೂರು, ಈ ಎರಡೂ ಮುಗಿಯುವವರೆಗೆ ಮೂರನೇ ಅಡ್ಡರಸ್ತೆಗೆ ಹೊಸದಾಗಿ ಡಾಂಬರು ಹಾಕಬಾರದು.’

ಮೂರನೆಯದಕ್ಕೆ ಸಭೆಯಲ್ಲಿ ಗಲಾಟೆಯಾಯಿತು. ಶಾಸಕರ ಬಳಿ ಹೋಗಿ ಡಾಂಬರು ಬೇಡ ಎನ್ನುವ ಮೊದಲ ಸಂಘ ನಮ್ಮದೇ ಇರಬೇಕು ಎಂದರು.

ಹಳೇ ಸೈಕಲ್

‘ಘನತೆವೆತ್ತ’ ಎಂದು ಶುರುಮಾಡಬೇಕಲ್ಲವೇ?

ಕಚೇರಿ ಗುಮಾಸ್ತ

ಅದು ರಾಜ್ಯಪಾಲರಿಗೆ. ಶಾಸಕರಿಗೆ ‘ಮಾನ್ಯ’ ಸಾಕು. ಕರಡು ಚೆನ್ನಾಗಿದೆ. ಮ್ಯಾನ್‌ಹೋಲಿನ ವಿಷಯಕ್ಕೆ ಜಲಮಂಡಳಿಗೆ ಬೇರೆ ಪತ್ರ ಹೋಗಲಿ. ಅದಕ್ಕೂ ಮೊದಲು ನಿಮ್ಮ ನಿಮ್ಮ ತಾರಸಿಯ ಕೊಳವೆ ನೋಡಿಕೊಳ್ಳಿ.

ಮಟ್ಟಗೋಲು

ಇಳಿಜಾರು ಬದಲಾಯಿಸುವ ಸಾಲು ಎಲ್ಲಿ?

ಬಡಾವಣೆ ಕಾರ್ಯದರ್ಶಿ

14ರಲ್ಲಿ ಒಂಬತ್ತು ಜನ ಒಪ್ಪಿದ್ದಾರೆ ಸರ್. ಅಧ್ಯಕ್ಷರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಅವರು ಒಪ್ಪದೆ ಆ ಸಾಲು ಹಾಕಿದರೆ ಪತ್ರಕ್ಕೆ ಸಹಿ ಹಾಕುವವರು ಯಾರು?

ಹೊಸಮನೆ

ನಾನು ಮೊನ್ನೆಯೇ ಮೇಸ್ತ್ರಿಗೆ ಹೇಳಿ ಒಡೆಸಿದೆ. ಅಡಿಯಲ್ಲಿ ನಮ್ಮ ಮಗನ ಕ್ರಿಕೆಟ್ ಚೆಂಡು ಐದು ಸಿಕ್ಕವು.

ಬಡಾವಣೆ ಕಾರ್ಯದರ್ಶಿ

ಭಾನುವಾರ ಆಯಿತು. ಶಾಸಕರು ಒಂದು ಗಂಟೆ ತಡವಾಗಿ ಬಂದರು. ಪತ್ರ ತೆಗೆದುಕೊಂಡು ಓದದೆ ಸಹಾಯಕರ ಕೈಗೆ ಕೊಡಲು ಹೊರಟವರು, ಮೂರನೆಯ ಸಾಲಿನ ಮೇಲೆ ಕಣ್ಣು ಬಿದ್ದು ನಿಂತರು. ‘ಡಾಂಬರು ಬೇಡವೇ?’ ಎಂದು ಕೇಳಿದರು. ಎದುರು ಮನೆಯ ಯಜಮಾನರು ಅವರನ್ನು ಹೂತುಹೋದ ಮೆಟ್ಟಿಲಿನ ತನಕ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲೇ ನಿಂತು ಅಭಿಯಂತರರಿಗೆ ಫೋನ್ ಮಾಡಿಸಿ, ಪತ್ರದ ಮೇಲೆ ‘ಸ್ಥಳ ಪರಿಶೀಲಿಸಿ 15 ದಿನದೊಳಗೆ ಅಂದಾಜು ಪಟ್ಟಿ ಸಲ್ಲಿಸಿ’ ಎಂದು ಬರೆದರು. 60 ಮೀಟರ್ ದಾರಿಯ ಬಗ್ಗೆ ಕೇಳಿದ್ದಕ್ಕೆ ‘ಅದನ್ನು ನೋಡೋಣ’ ಎಂದರು.

ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಿ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು ಬಂದೆ.

ಕಚೇರಿ ಗುಮಾಸ್ತ

ಶಾಯಿ ಯಾವ ಬಣ್ಣದ್ದು ಎನ್ನುವುದಕ್ಕಿಂತ ಆ ಸಂಖ್ಯೆ ಮುಖ್ಯ. ಚೌಕಟ್ಟು ಹಾಕಿಸಬೇಡಿ.

ಮಟ್ಟಗೋಲು

ಅಭಿಯಂತರರು ಬರುವ ದಿನ ಮೇಸ್ತ್ರಿಯನ್ನೂ ನೀರಿನ ಕೊಳವೆಯನ್ನೂ ಸಿದ್ಧವಾಗಿ ಇಟ್ಟುಕೊಂಡಿರಿ. ‘ನೋಡೋಣ’ ಎಂದದ್ದರ ಬಗ್ಗೆ ಗ್ರಾಮ ನಕಾಶೆ ಸಿಕ್ಕ ಮೇಲೆ ಇಲ್ಲಿಯೇ ಬರೆಯಿರಿ.

ಮನೆ ನಂಬರ್ 41

ಎಲ್ಲ ಓದಿದೆ. ಬಿ ಖಾತೆಯ ಬಗ್ಗೆ ಕೊನೆಗೂ ಯಾರೂ ಹೇಳಲಿಲ್ಲ.